ಪುಟಾಣಿಗಳಿಗೆ ಪ್ರಾಸ, ಒಗಟು, ನಾಲಿಗೆ ತಿರುಚು: ಒಂದು ಪುಸ್ತಕ ಬರೆಯುವ ಬಗೆ

ಒಂದರಿಂದ ಮೂರು ವರ್ಷದೊಳಗಿನ ಮಕ್ಕಳ ಪುಸ್ತಕವನ್ನು ಮಕ್ಕಳು ಓದುವುದಿಲ್ಲ. ಅಮ್ಮನೋ ಅಜ್ಜನೋ ಜೋರಾಗಿ ಓದುತ್ತಾರೆ, ಮಗು ಕೇಳುತ್ತದೆ. ಹಾಗಾಗಿ ನೀವು ಬರೆಯುತ್ತಿರುವುದು ದೊಡ್ಡವರ ಬಾಯಿಗೆ ಮತ್ತು ಮಗುವಿನ ಕಿವಿಗೆ. ಇದು ಮರೆತರೆ ಕಾಗದದ ಮೇಲೆ ಚೆಂದ ಕಾಣುವ, ಬಾಯಲ್ಲಿ ಮಾತ್ರ ಎಡವುವ ಸಾಲುಗಳು ಹುಟ್ಟುತ್ತವೆ. ನಾನು ಬರೆದ ಮೊದಲ ಕೆಲವು ಪದ್ಯಗಳು ಹಾಗೇ ಇದ್ದವು. ನಾನು ಓದಿದರೆ ಸರಿಯಾಗಿ ಕುಣಿಯುತ್ತಿದ್ದವು, ಬೇರೆಯವರು ಓದಿದರೆ ಕುಂಟುತ್ತಿದ್ದವು. ತಾಳ ನನ್ನ ತಲೆಯಲ್ಲಿತ್ತು, ಸಾಲಿನಲ್ಲಿ ಇರಲಿಲ್ಲ.

ತಾಳವನ್ನು ಸಾಲಿನೊಳಗೇ ಕೂರಿಸುವುದು ಹೇಗೆ ಎಂಬುದೇ ಈ ಲೇಖನದ ಮುಖ್ಯ ವಿಷಯ. ಒಂದು ಕಪ್ಪೆ ಪದ್ಯವನ್ನು ಮೊದಲ ಕರಡಿನಿಂದ ಕೊನೆಯವರೆಗೆ ಒಟ್ಟಿಗೆ ತಿದ್ದೋಣ. ಆಮೇಲೆ ಒಗಟು, ನಾಲಿಗೆ ತಿರುಚು, ಪುಟಗಳ ಲೆಕ್ಕ.

ಮೊದಲು ನಡಿಗೆ ಆರಿಸಿ

ಶಾಲೆಯಲ್ಲಿ ಕಲಿತ ಲಘು, ಗುರು ನೆನಪಿದೆಯಲ್ವಾ? ಇಲ್ಲಿ ಅಷ್ಟೇ ಸಾಕು. ಹ್ರಸ್ವ ಅಕ್ಷರ ಲಘು, ಒಂದು ಮಾತ್ರೆ. ದೀರ್ಘ ಅಕ್ಷರ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಐ ಮತ್ತು ಔ ಸ್ವರದ ಅಕ್ಷರ, ಇವೆಲ್ಲ ಗುರು, ಎರಡು ಮಾತ್ರೆ. 'ಕುಕ್' ಥರ ಅರ್ಧಾಕ್ಷರದಲ್ಲಿ ನಿಲ್ಲುವುದೂ ಗುರುವೇ. 'ಕಪ್ಪೆ' ಅಂದರೆ ಕಪ್ ಎರಡು, ಪೆ ಒಂದು, ಒಟ್ಟು ಮೂರು. 'ಎಲ್ಲಿಗೆ' ಅಂದರೆ ಎಲ್ ಎರಡು, ಲಿ ಒಂದು, ಗೆ ಒಂದು, ಒಟ್ಟು ನಾಲ್ಕು.

ಪುಟಾಣಿಗಳಿಗೆ ಎರಡು ನಡಿಗೆ ಸಾಕು. ಮೂರು ಮಾತ್ರೆಯದು ತೂಗುವ ನಡಿಗೆ. 'ಬಾತು ಬಾತು ಎಲ್ಲಿ ಹೋಯ್ತು' ಎಂದು ಹೇಳಿ ನೋಡಿ, ಮೈ ತಾನಾಗಿಯೇ ಅತ್ತಿತ್ತ ವಾಲುತ್ತದೆ. ನಾಲ್ಕು ಮಾತ್ರೆಯದು ಹೆಜ್ಜೆ ಹಾಕುವ, ಜಿಗಿಯುವ ನಡಿಗೆ. ಚಪ್ಪಾಳೆಗೆ ಇದು ಸಲೀಸು. ಐದು ಮಾತ್ರೆಯ ಸಾಲುಗಳು ದೊಡ್ಡವರ ಕಿವಿಗೆ ತುಂಬಾ ಸೊಗಸು. ಆದರೆ ಎರಡು ವರ್ಷದ ಮಗುವಿಗೆ ಅದರ ಜೊತೆ ಚಪ್ಪಾಳೆ ಹಿಡಿಯುವುದು ಕಷ್ಟ. ನಾನು ಅದನ್ನು ಈ ವಯಸ್ಸಿನ ಪುಸ್ತಕಕ್ಕೆ ತರುವುದಿಲ್ಲ.

ನಡಿಗೆ ವಿಷಯಕ್ಕೆ ಒಪ್ಪಬೇಕು. ಉಯ್ಯಾಲೆ, ದೋಣಿ, ನಿದ್ದೆ, ಇವಕ್ಕೆಲ್ಲ ಮೂರು. ಕುದುರೆ, ಚೆಂಡು, ಕಪ್ಪೆ ಇವಕ್ಕೆ ನಾಲ್ಕು. ಪದ್ಯ ಬರೆಯುವ ಮೊದಲೇ ಇದನ್ನು ತೀರ್ಮಾನಿಸಿ. ಅರ್ಧ ಬರೆದ ಮೇಲೆ ನಡಿಗೆ ಬದಲಾಯಿಸಲು ಹೋದರೆ ಎಲ್ಲ ಪದಗಳನ್ನೂ ಕಿತ್ತು ಹಾಕಬೇಕಾಗುತ್ತದೆ.

ಕಪ್ಪೆ ಪದ್ಯ: ಮೂರು ಕರಡು

ಮನಸ್ಸಿಗೆ ಬಂದ ಹಾಗೆ ಬರೆದ ಮೊದಲ ಕರಡು ಇದು.

ಹಸಿರು ಬಣ್ಣದ ಕಪ್ಪೆಯೊಂದು ಕೊಳದ ಬಳಿಯಲಿ ಕುಳಿತಿತ್ತು
ಮಳೆಯು ಬಂದಾಗ ಸಂತೋಷದಿಂದ ನೀರಿಗೆ ಜಿಗಿಯಿತು

ಇದು ಕತೆ ಹೇಳುತ್ತದೆ, ಕುಣಿಯುವುದಿಲ್ಲ. ಮೊದಲ ಸಾಲಿನ ಪದಗಳು ಮೂರು, ನಾಲ್ಕು, ಆರು, ಮೂರು, ನಾಲ್ಕು, ಐದು ಮಾತ್ರೆ. ಎರಡನೆಯದು ಮೂರು, ಐದು, ಎಂಟು, ನಾಲ್ಕು, ನಾಲ್ಕು. ಎರಡು ಸಾಲಿಗೂ ಒಂದೇ ಚಪ್ಪಾಳೆ ಕೂರುವುದಿಲ್ಲ. ಇನ್ನೊಂದು ತೊಂದರೆ 'ಸಂತೋಷದಿಂದ' ಎಂಬ ಪದ. ಕಪ್ಪೆ ಸಂತೋಷವಾಗಿದೆ ಎಂದು ಹೇಳಬೇಕಾದರೆ ಅದು ಜಿಗಿಯುವುದನ್ನು ಕೇಳಿಸಬೇಕು. ಮಗುವಿಗೆ ಆ ಪದದಿಂದ ಏನೂ ಕಾಣುವುದಿಲ್ಲ.

ಎರಡನೇ ಕರಡಿನಲ್ಲಿ ಸಾಲು ಚಿಕ್ಕದು ಮಾಡಿದೆ.

ಪುಟ್ಟ ಕಪ್ಪೆ ಹುಲ್ಲಲಿತ್ತು
ಮಳೆಯು ಬಂದು ಸುರಿದಿತ್ತು

ಮೊದಲ ಸಾಲು ನೇರ್ಪಾಗಿದೆ: ಪುಟ್ಟ, ಕಪ್ಪೆ, ಹುಲ್ಲ, ಲಿತ್ತು, ಎಲ್ಲವೂ ಮೂರು ಮೂರು. ಎರಡನೇ ಸಾಲು ಕೊನೆಯಲ್ಲಿ ಒಂದು ಮಾತ್ರೆ ಕಮ್ಮಿ. 'ಸುರಿದಿತ್ತು' ಐದೇ ಮಾತ್ರೆ, ಆರು ಬೇಕಿತ್ತು. ಓದುವವರು 'ಸುರೀದಿತ್ತು' ಎಂದು ಎಳೆಯುತ್ತಾರೆ, ಇಲ್ಲ ಅಲ್ಲೇ ತಡವರಿಸುತ್ತಾರೆ.

ಮಾತ್ರೆ ಸರಿ ಮಾಡಿದರೂ ಇದರಲ್ಲಿ ಇನ್ನೊಂದು ದೋಷ ಉಳಿಯುತ್ತದೆ. ಅದು ಕನ್ನಡಕ್ಕೇ ಅಂಟಿಕೊಂಡ ದೋಷ. ನಮ್ಮ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ಹಾಗಾಗಿ 'ಇತ್ತು, ಬಂದಿತ್ತು, ಸುರಿದಿತ್ತು', ಇಲ್ಲವೇ 'ಮನೆಯಲ್ಲಿ, ಮರದಲ್ಲಿ, ಕೊಳದಲ್ಲಿ' ಎಂದು ಪ್ರತ್ಯಯಗಳೇ ಪ್ರಾಸದ ಹಾಗೆ ಬಂದು ಕೂರುತ್ತವೆ. ನಾನು ಇದನ್ನು ಪ್ರತ್ಯಯ ಪ್ರಾಸ ಅನ್ನುತ್ತೇನೆ. ಬರೆಯುವವರಿಗೆ ಕಷ್ಟವಿಲ್ಲ, ಆದರೆ ಮಗುವಿನ ಕಿವಿಗೆ ಏನೂ ಸಿಗುವುದಿಲ್ಲ. ದಿನವಿಡೀ ಕೇಳುವ ಮಾತೆಲ್ಲ ಹಾಗೇ ಮುಗಿಯುತ್ತದೆ. ಪ್ರತ್ಯಯದ ಹಿಂದಿನ ಅಕ್ಷರವೂ ಹೊಂದಬೇಕು. ಆಗಲೇ ಅದು ಪ್ರಾಸ ಎಂದು ಕೇಳಿಸುತ್ತದೆ.

ಮೂರನೇ ಕರಡಿಗೆ ಮೊದಲು ಎರಡು ತೀರ್ಮಾನ ಮಾಡಿದೆ. ಕಪ್ಪೆ ಜಿಗಿಯುತ್ತದೆ, ಆದ್ದರಿಂದ ನಾಲ್ಕರ ನಡಿಗೆ. 'ಕಪ್ಪೆ' ಮೂರೇ ಮಾತ್ರೆ, ಆದರೆ ಕೂಗಿ ಕರೆದರೆ 'ಕಪ್ಪೇ' ಆಗುತ್ತದೆ, ನಾಲ್ಕು ಮಾತ್ರೆ ತುಂಬುತ್ತದೆ. ಕರೆಯುವುದು ಮಕ್ಕಳಿಗೆ ಹೇಗೂ ಇಷ್ಟ. ಹೀಗೆ ಬಂತು:

ಕಪ್ಪೇ ಕಪ್ಪೇ ಪುಟಾಣಿ ಕಪ್ಪೇ
ಎಲ್ಲಿಗೆ ಹೊರಟೇ? ಎಲ್ಲಿಗೆ?
ಜಿಗಿ ಜಿಗಿ ಜಿಗಿ ಜಿಗಿ ಹುಲ್ಲಿಗೆ!

ಎಣಿಸಿದರೆ ಎಲ್ಲವೂ ನಾಲ್ಕು. ಆದರೂ ಚಪ್ಪಾಳೆ ತಟ್ಟುತ್ತಾ ಹೇಳಿದಾಗ 'ಪುಟಾಣಿ' ಹತ್ತಿರ ಕೈ ತಪ್ಪಿತು. ಯಾಕೆ? ಚಪ್ಪಾಳೆ ಬೀಳುವುದು ನಾಲ್ಕು ಮಾತ್ರೆಯ ಪ್ರತಿ ಗುಂಪಿನ ಮೊದಲ ಅಕ್ಷರಕ್ಕೆ. ಇಲ್ಲಿ ಮೊದಲ ಅಕ್ಷರ 'ಪು' ಗಿಡ್ಡ, ಅದರ ಬೆನ್ನಿಗೇ ಬರುವ 'ಟಾ' ಉದ್ದ. ನಾಲಿಗೆ 'ಟಾ' ಮೇಲೆ ಭಾರ ಹಾಕಲು ನೋಡುತ್ತದೆ, ಕೈ 'ಪು' ಮೇಲೆ ಬಿದ್ದಿರುತ್ತದೆ. ಲಘುವಿನ ಹಿಂದೆಯೇ ಗುರು ಬಂದು ಗುಂಪು ಶುರುವಾದರೆ ಹೀಗೆ ಕುಲುಕಿದಂತಾಗುತ್ತದೆ. ಎಣಿಕೆ ಸರಿ ಇದ್ದೂ ಸಾಲು ಕುಂಟಿದರೆ ಮೊದಲು ಹುಡುಕಬೇಕಾದ ಕಾರಣ ಇದೇ. 'ಪುಟಾಣಿ' ತೆಗೆದು 'ಮರಿ ಮರಿ' ಹಾಕಿದೆ. ನಾಲ್ಕೂ ಲಘು, ಕುಲುಕು ಹೋಯ್ತು.

ಕಪ್ಪೇ ಕಪ್ಪೇ ಮರಿ ಮರಿ ಕಪ್ಪೇ
ಎಲ್ಲಿಗೆ ಹೊರಟೇ? ಎಲ್ಲಿಗೆ?
ಜಿಗಿ ಜಿಗಿ ಜಿಗಿ ಜಿಗಿ ಹುಲ್ಲಿಗೆ!

ಕಪ್ಪೇ ಕಪ್ಪೇ ಮರಿ ಮರಿ ಕಪ್ಪೇ
ಎಲ್ಲಿಗೆ ಹೊರಟೇ? ಎಲ್ಲಿಗೆ?
ಜಿಗಿ ಜಿಗಿ ಜಿಗಿ ಜಿಗಿ ಕಲ್ಲಿಗೆ!

ಕಪ್ಪೇ ಕಪ್ಪೇ ಮರಿ ಮರಿ ಕಪ್ಪೇ
ಎಲ್ಲಿಗೆ ಹೊರಟೇ? ಎಲ್ಲಿಗೆ?
ಜಿಗಿ ಜಿಗಿ ಜಿಗಿ ಜಿಗಿ...
ಡುಬುಕ್!

'ಎಲ್ಲಿಗೆ, ಹುಲ್ಲಿಗೆ, ಕಲ್ಲಿಗೆ' ಇವುಗಳಲ್ಲಿ 'ಗೆ' ಮಾತ್ರ ಒಂದೇ ಅಲ್ಲ, ಅದರ ಹಿಂದಿನ 'ಲ್ಲಿ' ಕೂಡ ಒಂದೇ. ಪದದ ಎರಡನೇ ಅಕ್ಷರದಲ್ಲಿ ಪ್ರಾಸ ಇಡುವುದು ಹಳಗನ್ನಡದ ಕಾಲದಿಂದಲೂ ನಮ್ಮ ಕಿವಿಗೆ ಒಗ್ಗಿದ ವಿಷಯ. ಅಲ್ಲಿ ಅದು ಸಾಲಿನ ಆರಂಭದಲ್ಲಿ ಬರುತ್ತಿತ್ತು. ಇಲ್ಲಿ ಕೊನೆಯ ಪದದಲ್ಲಿ ಬಂದಿದೆ. ಪದದ ಒಳಗೂ ಕೊನೆಯಲ್ಲೂ ಪ್ರಾಸ ಕೂಡಿದಾಗ ಮಗು ಅದನ್ನು ಬೇಗ ಹಿಡಿಯುತ್ತದೆ.

ಇನ್ನು ಪುನರಾವರ್ತನೆ. ಎರಡನೇ ಸುತ್ತಿನಲ್ಲಿ ಬದಲಾದದ್ದು ಒಂದೇ ಪದ, ಹುಲ್ಲಿಗೆ ಹೋಗಿ ಕಲ್ಲಿಗೆ ಬಂತು. ಉಳಿದದ್ದು ಒಂದಕ್ಷರವೂ ಬದಲಾಗಿಲ್ಲ. ದೊಡ್ಡವರಿಗೆ ಇದು ಬೇಸರ ಅನ್ನಿಸಬಹುದು. 'ಎರಡನೇ ಸಲ ಮರಿ ಮರಿ ಬದಲು ಹಸಿರಿನ ಕಪ್ಪೇ ಅಂತ ಹಾಕೋಣ' ಅನ್ನಿಸುತ್ತದೆ. ಹಾಕಬೇಡಿ. ಮುಂದೆ ಏನು ಬರುತ್ತೆ ಎಂದು ಮಗು ಮೊದಲೇ ಊಹಿಸಿ ಕಾಯುತ್ತಿರುತ್ತದೆ. ಊಹಿಸಿದ್ದೇ ಬಂದಾಗ ಅದಕ್ಕೆ ಖುಷಿ. ಎರಡು ಸಲ ಊಹೆ ನಿಜವಾದ ಮೇಲೆಯೇ ಮೂರನೇ ಸಲ ಊಹೆ ತಪ್ಪಿಸುವುದು ತಮಾಷೆಯಾಗುತ್ತದೆ. ಎರಡನೇ ಸುತ್ತಿನಲ್ಲೇ 'ಡುಬುಕ್' ಬಂದರೆ ಮಗುವಿಗೆ ಅದು ತಮಾಷೆ ಎಂದು ಗೊತ್ತಾಗುವುದಿಲ್ಲ. ಆರನೇ ಸುತ್ತಿನವರೆಗೆ ಎಳೆದರೆ ಅಷ್ಟರಲ್ಲಿ ಮಗು ಎದ್ದು ಹೋಗಿರುತ್ತದೆ.

'ಡುಬುಕ್' ಕೂಡ ಲಘುವಿನ ಹಿಂದೆ ಗುರು. 'ಪುಟಾಣಿ'ಯನ್ನು ಯಾವ ಕುಲುಕಿಗಾಗಿ ತೆಗೆದೆವೋ ಅದೇ ಕುಲುಕು ಇಲ್ಲಿ ಬೇಕು. ಕಪ್ಪೆ ನೀರಿಗೆ ಬಿದ್ದದ್ದು ಆ ಕುಲುಕಿನಲ್ಲೇ ಕೇಳಿಸುತ್ತದೆ.

ಅನುಕರಣ ಪದಗಳ ಗಂಟು ಬಿಚ್ಚಿ

ಕನ್ನಡದಲ್ಲಿ ಈ ಕೆಲಸಕ್ಕೆ ಸಿಕ್ಕಿರುವ ದೊಡ್ಡ ಆಸ್ತಿ ಅನುಕರಣ ಪದಗಳು. ಟಪಟಪ, ಪಟಪಟ, ಸರಸರ, ಗಿರಗಿರ, ಗುಡುಗುಡು, ಚಟಚಟ. ಇವುಗಳಲ್ಲಿ ಒಂದು ಗುಟ್ಟಿದೆ. ಎಲ್ಲವೂ ನಾಲ್ಕು ಲಘು, ಸರಿಯಾಗಿ ನಾಲ್ಕು ಮಾತ್ರೆ. ನಾಲ್ಕರ ನಡಿಗೆಯ ಸಾಲಿನಲ್ಲಿ ಎಲ್ಲಿ ಬೇಕಾದರೂ ಇಟ್ಟಿಗೆಯ ಹಾಗೆ ಕೂರುತ್ತವೆ.

ಇನ್ನೊಂದು ಬಗೆ 'ಕ್'ನಲ್ಲಿ ನಿಲ್ಲುವವು: ಡುಬುಕ್, ಪಟಕ್, ಟಪಕ್, ಗಬಕ್. ಮೂರು ಮಾತ್ರೆ. ಈ ಎರಡು ಬಗೆಗೂ ಕೆಲಸ ಬೇರೆ. 'ಟಪಟಪ' ಅಂದರೆ ಆಗುತ್ತಲೇ ಇದೆ. 'ಟಪಕ್' ಅಂದರೆ ಒಂದೇ ಸಲ ಆಗಿ ಮುಗಿಯಿತು. ಮೊದಲನೆಯದರಿಂದ ಸಾಲು ಓಡಿಸಿ, ಎರಡನೆಯದರಿಂದ ನಿಲ್ಲಿಸಿ. ಕಪ್ಪೆ ಪದ್ಯದಲ್ಲಿ 'ಜಿಗಿ ಜಿಗಿ' ಓಡಿಸುತ್ತದೆ, 'ಡುಬುಕ್' ನಿಲ್ಲಿಸುತ್ತದೆ. ಬರೆಯುವ ಮೊದಲು ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿಟ್ಟುಕೊಳ್ಳಿ, ಓಡಿಸುವವು ಮತ್ತು ನಿಲ್ಲಿಸುವವು. ಎಷ್ಟೋ ಪದ್ಯಗಳು ಆ ಹಾಳೆಯಿಂದಲೇ ಎದ್ದು ಬರುತ್ತವೆ.

ಪದ್ಯದ ಭಾಷೆಯ ಬಗ್ಗೆ ಒಂದು ಮಾತು. 'ಬಂದಿಹುದು', 'ಹಾರುತಲಿಹುದು', 'ನೋಡೈ' ಇಂಥವನ್ನು ಮಾತ್ರೆ ತುಂಬಿಸಲು ಸೇರಿಸಬೇಡಿ. ಮಾತು ಕಲಿಯುತ್ತಿರುವ ಮಗು ಮನೆಯಲ್ಲಿ ಕೇಳುವುದು 'ಬಂತು', 'ಹಾರ್ತಿದೆ', 'ನೋಡು'. ಆ ಪದಗಳಿಂದಲೇ ಮಾತ್ರೆ ಕೂಡಿಸಬೇಕು. ಕೂಡದಿದ್ದರೆ ಸಾಲನ್ನೇ ಬೇರೆ ಕಡೆಯಿಂದ ಶುರು ಮಾಡಿ.

ಒಗಟು: ಉತ್ತರವನ್ನು ಪ್ರಾಸವೇ ಹೇಳಲಿ

ನಮ್ಮ ಹಳೆಯ ಒಗಟುಗಳು ಬಹಳ ಚೆಂದ, ಆದರೆ ಹೆಚ್ಚಿನವು ರೂಪಕಗಳು. 'ಕೆಂಪು ಮನೆಯಲ್ಲಿ ಬಿಳಿ ಜನ' ಎಂದರೆ ನಮಗೆ ಬಾಯಿ, ಹಲ್ಲು ಹೊಳೆಯುತ್ತದೆ. ಎರಡು ವರ್ಷದ ಮಗು ನಿಜವಾಗಿಯೂ ಮನೆಯನ್ನೇ ನೆನೆಯುತ್ತದೆ, ಜನರನ್ನೇ ಹುಡುಕುತ್ತದೆ. ಒಂದನ್ನು ಹೇಳಿ ಇನ್ನೊಂದನ್ನು ತಿಳಿಯುವ ಆಟ ಅದಕ್ಕೆ ಇನ್ನೂ ಬಂದಿಲ್ಲ.

ಈ ವಯಸ್ಸಿಗೆ ಒಗಟು ಎಂದರೆ ಖಾಲಿ ಬಿಟ್ಟ ಕೊನೆಯ ಪದ. ಪ್ರಾಸದ ದಾರಿಯಲ್ಲಿ ಬಂದ ಮಗು ಆ ಖಾಲಿ ಜಾಗಕ್ಕೆ ತಾನೇ ಪದ ತಂದು ಹಾಕಬೇಕು. ಆದ್ದರಿಂದ ಒಗಟನ್ನು ಹಿಂದಿನಿಂದ ಬರೆಯಿರಿ. ಮೊದಲು ಉತ್ತರ. ನಾನು 'ನಾಯಿ' ಆರಿಸಿಕೊಂಡೆ. ಅದಕ್ಕೆ ಪ್ರಾಸ: ಬಾಯಿ, ತಾಯಿ, ಕಾಯಿ. ಇವುಗಳಲ್ಲಿ ನಾಯಿಯ ಮೈಯಲ್ಲೇ ಇರುವುದು ಬಾಯಿ. ಇನ್ನು ಅದರ ಸದ್ದು ಮತ್ತು ಒಂದು ಚಲನೆ ಸೇರಿಸಬೇಕು.

ಕುಣಿಯೋ ಬಾಲ, ಬೌಬೌ ಬಾಯಿ
ಯಾರಿದು? ಯಾರಿದು?
(ಪುಟ ತಿರುವಿ)
ನಾಯಿ!

ಮಾತ್ರೆ ನೋಡಿ. 'ಕುಣಿಯೋ' ನಾಲ್ಕು, 'ಬಾಲ' ಮೂರು ಮತ್ತು ಒಂದು ಮಾತ್ರೆ ಉಸಿರು. 'ಬೌಬೌ' ನಾಲ್ಕು, 'ಬಾಯಿ' ಮೂರು ಮತ್ತೆ ಒಂದು ಉಸಿರು. 'ಯಾರಿದು ಯಾರಿದು' ಎಂಟು. ಆಮೇಲೆ ಪುಟ ತಿರುಗಲು ಬೇಕಾದ ಹೊತ್ತು ಇನ್ನೊಂದು ನಾಲ್ಕು ಮಾತ್ರೆಯಷ್ಟೇ. ಪುಟ ತಿರುವುವ ಕೈ ಕೂಡ ತಾಳದಲ್ಲಿ ಸೇರಿಕೊಳ್ಳುತ್ತದೆ. ಆ ಬಿಡುವಿನಲ್ಲೇ ಮಗು ಉತ್ತರ ಕೂಗುವುದು.

ಪಕ್ಕದ ಮನೆಯ ಹುಡುಗಿಗೆ ಎರಡು ವರ್ಷ ತುಂಬಿದ ಹೊಸತರಲ್ಲಿ ಇದನ್ನು ಓದಿದೆ. ಮೊದಲ ಸಲ ಸುಮ್ನೆ ನನ್ನ ಬಾಯಿ ನೋಡಿದಳು. ಎರಡನೇ ಸಲ 'ಬೌಬೌ' ಎಂದಳು. ಮೂರನೇ ಸಲ ನಾನು ಹಾಳೆಯ ಮೂಲೆ ಹಿಡಿದದ್ದೇ ತಡ, ನನ್ನ ಕೈ ಒತ್ತಿ ಹಿಡಿದು ಪುಟ ತಿರುಗಲು ಬಿಡದೆ 'ಆಯಿ!' ಎಂದಳು. 'ನ' ಬರಲಿಲ್ಲ, ಪ್ರಾಸ ಬಂತು. ಒಗಟು ಕೆಲಸ ಮಾಡಿದೆ ಎಂದು ಅಷ್ಟರಿಂದಲೇ ತಿಳಿಯಿತು.

ಸುಳಿವು ಕೊಡುವಾಗ ಎರಡು ತಪ್ಪು ಜಾಸ್ತಿ ಆಗುತ್ತವೆ. ಒಂದು, 'ಇಲ್ಲ' ಎನ್ನುವ ಸುಳಿವು. 'ಬಾಲ ಇಲ್ಲ, ರೆಕ್ಕೆ ಇಲ್ಲ' ಎಂದರೆ ಮಗುವಿನ ಮನಸ್ಸಿಗೆ ಬರುವುದು ಬಾಲ ಮತ್ತು ರೆಕ್ಕೆಯೇ. ಇರುವುದನ್ನು ಮಾತ್ರ ಹೇಳಿ. ಇನ್ನೊಂದು, ಹಲವು ಉತ್ತರಕ್ಕೆ ಹೊಂದುವ ಸುಳಿವು. 'ಗುಂಡಗಿದೆ' ಎಂದರೆ ಚೆಂಡೂ ಹೌದು, ಚಂದಿರನೂ ಹೌದು, ತಟ್ಟೆಯೂ ಹೌದು. ಮಗು 'ತಟ್ಟೆ' ಎಂದು ಸರಿಯಾಗಿಯೇ ಹೇಳಿದಾಗ ಪುಟ ತಿರುಗಿಸಿ ಚೆಂಡು ತೋರಿಸಿದರೆ ಅದರ ಮುಖ ಸಪ್ಪಗಾಗುತ್ತದೆ. ಆ ತಪ್ಪು ಬರೆದವರದ್ದು. ಸದ್ದು ಒಂದಾದರೂ ಇರಲಿ, ಆಗ ಉತ್ತರ ಒಂದಕ್ಕೇ ಬಂದು ನಿಲ್ಲುತ್ತದೆ.

ನಾಲಿಗೆ ತಿರುಚು: ಅರ್ಧ ಮಗುವಿಗೆ, ಅರ್ಧ ದೊಡ್ಡವರಿಗೆ

ಟಂಗ್ ಟ್ವಿಸ್ಟರ್ ಎಂದ ಕೂಡಲೇ ಒತ್ತಕ್ಷರ ತುಂಬಿದ ಉದ್ದ ಸಾಲು ನೆನಪಾಗುತ್ತದೆ. ಪುಟಾಣಿಗಳ ನಾಲಿಗೆ ಈಗಾಗಲೇ ಸಾಕಷ್ಟು ತಿರುಚಿಕೊಳ್ಳುತ್ತಿರುತ್ತದೆ. ಪ, ಬ, ಮ ಥರದ ತುಟಿಯ ಅಕ್ಷರಗಳು ಮಕ್ಕಳಿಗೆ ಬೇಗ ಬರುತ್ತವೆ. ರ, ಳ ತಡವಾಗಿ ಬರುತ್ತವೆ, ಮಹಾಪ್ರಾಣವೂ ಅಷ್ಟೆ. ಹಾಗಾಗಿ ಎರಡು ಬಗೆಯವನ್ನು ಬರೆಯಬೇಕು.

ಒಂದು, ಮಗುವೇ ಹೇಳಬಲ್ಲದ್ದು. ಬೇಗ ಬರುವ ಎರಡು ಅಕ್ಷರಗಳನ್ನು ಅದಲು ಬದಲು ಮಾಡಿ:

ಬಾತು ಮಾತು, ಮಾತು ಬಾತು
ಬಾತಿನ ಮಾತು ಬಾತಿಗೆ ಗೊತ್ತು

'ಬ' ಮತ್ತು 'ಮ' ಎರಡಕ್ಕೂ ತುಟಿ ಮುಚ್ಚಬೇಕು. ಒಂದರಲ್ಲಿ ಗಾಳಿ ಬಾಯಿಂದ, ಇನ್ನೊಂದರಲ್ಲಿ ಮೂಗಿನಿಂದ. ಬೇಗ ಬೇಗ ಹೇಳಿದರೆ ದೊಡ್ಡವರಿಗೂ 'ಮಾತಿನ ಬಾತು' ಆಗಿಬಿಡುತ್ತದೆ. ಮಗು ಬರೀ 'ಬಾತು ಮಾತು' ಎಂದರೆ ಸಾಕು. ಎರಡನೇ ಸಾಲು ಓದುವವರ ಪಾಲು. ಮೊದಲ ಸಾಲು ಮೂರರ ನಡಿಗೆ, ಎರಡನೆಯದು ನಾಲ್ಕರ ನಡಿಗೆ, 'ಮಾತು', 'ಗೊತ್ತು' ಆದ ಮೇಲೆ ಒಂದೊಂದು ಮಾತ್ರೆ ಉಸಿರು. ಈ ಜಿಗಿತ ಪ್ರಾಸಪದ್ಯದಲ್ಲಿ ಸಲ್ಲದು. ಇಲ್ಲಿ ಮಾತ್ರ ಬೇಕೆಂದೇ ಇಟ್ಟಿದ್ದೇನೆ, ಮೊದಲನೆಯದು ಮಗುವಿನ ಸರದಿ, ಎರಡನೆಯದು ನಮ್ಮ ಸರದಿ ಎಂದು ಕಿವಿಗೇ ಗೊತ್ತಾಗಲಿ ಅಂತ.

ಇನ್ನೊಂದು ಬಗೆಯಲ್ಲಿ ದೊಡ್ಡವರು ಎಡವಬೇಕು, ಮಗು ನಗಬೇಕು. ಕನ್ನಡದಲ್ಲಿ ಇದಕ್ಕೆ ಲ ಮತ್ತು ಳ ಜೋಡಿಯಷ್ಟು ಒಳ್ಳೆಯದು ಬೇರೆ ಇಲ್ಲ.

ಇಲಿ ಇಲಿ ಇಳಿ ಇಳಿ
ಬಿಳಿ ಇಲಿ ಇಳಿ ಇಳಿ

ಬರೀ ಮೂರು ಪದ, ಎಲ್ಲ ಲಘು, ಒಂದು ಒತ್ತಕ್ಷರವೂ ಇಲ್ಲ. ನಾಲ್ಕು ಸಲ ಬಿಡದೆ ಹೇಳಿ ನೋಡಿ, ಇಲಿ ಎಲ್ಲಿ ಇಳಿಯಾಯಿತೋ ಗೊತ್ತೇ ಆಗುವುದಿಲ್ಲ. ಅರ್ಥವೂ ಉಳಿದಿದೆ, ಅಟ್ಟದ ಮೇಲಿನ ಬಿಳಿ ಇಲಿಯನ್ನು ಕೆಳಗೆ ಕರೆಯುವ ಚಿತ್ರ ಬರೆಯಬಹುದು. ಅರ್ಥವಿಲ್ಲದ ಸದ್ದಿನ ಸಾಲಿಗೆ ಚಿತ್ರ ಬರೆಯುವುದು ಕಷ್ಟ. ಚಿತ್ರವಿಲ್ಲದ ಪುಟದಲ್ಲಿ ಈ ವಯಸ್ಸಿನ ಮಗು ನಿಲ್ಲುವುದಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ನಾನು ಮೊದಲು 'ಮರದ ಮೇಲೆ ಮಲಗಿದ ಮರಿ' ಎಂದು ಬರೆದಿದ್ದೆ. ಮೂರರ ನಡಿಗೆಯಲ್ಲಿ ಬಲು ಚೆನ್ನಾಗಿ ಓಡುತ್ತಿತ್ತು. ಆದರೆ 'ರ' ಬಾರದ ಮಕ್ಕಳು ಅದರ ಬದಲು 'ಲ' ಅನ್ನುತ್ತಾರೆ. ಆಗ 'ಮರದ ಮೇಲೆ' ಏನಾಗುತ್ತದೆ ಎಂದು ನೀವೇ ಹೇಳಿ ನೋಡಿ. ಮಗುವಿನ ಮೇಲೆ ನಾಲ್ಕು ಜನ ನಗುವ ಸಾಲು ಅದು, ಮಗುವಿಗೆ ಕಾರಣ ತಿಳಿಯುವುದಿಲ್ಲ. ಅದನ್ನು ಬಿಟ್ಟೆ. ಪುಸ್ತಕದ ಪ್ರತಿ ಸಾಲನ್ನೂ ಒಮ್ಮೆ ರ ಬದಲು ಲ ಹಾಕಿ, ಇನ್ನೊಮ್ಮೆ ಕ ಬದಲು ತ ಹಾಕಿ ಓದಿಬಿಡಿ. 'ಮರಿ ಮರಿ' ಹೋಗಿ 'ಮಲಿ ಮಲಿ' ಆದರೆ ತೊಂದರೆ ಇಲ್ಲ, ಮುದ್ದಾಗಿಯೇ ಇದೆ.

ಪುಟಗಳ ಮೇಲೆ ಹಂಚುವುದು

ಮಧ್ಯದಲ್ಲಿ ಪಿನ್ ಹೊಡೆದು ಮಾಡುವ ಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. 24 ಪುಟ ಈ ವಯಸ್ಸಿಗೆ ಹದವಾದ ಅಳತೆ. ಮೊದಲ ಪುಟ ಹೆಸರಿಗೆ, ಕೊನೆಯದು ಪ್ರಕಾಶನದ ವಿವರಕ್ಕೆ ಹೋದರೆ, ನಡುವೆ ಎದುರು ಬದುರು ತೆರೆಯುವ 11 ಜೋಡಿ ಪುಟ ಉಳಿಯುತ್ತವೆ. ಇದರಲ್ಲಿ ಎರಡು ಪ್ರಾಸಪದ್ಯ, ಮೂರು ನಾಲ್ಕು ಒಗಟು, ಎರಡು ಮೂರು ನಾಲಿಗೆ ತಿರುಚು. ಇದಕ್ಕಿಂತ ಜಾಸ್ತಿ ತುರುಕಿದರೆ ಒಂದೊಂದಕ್ಕೂ ಬೇಕಾದ ಪುನರಾವರ್ತನೆಗೆ ಜಾಗ ಸಿಗುವುದಿಲ್ಲ.

ಕಪ್ಪೆ ಪದ್ಯವನ್ನು ಒಂದೇ ಪುಟದಲ್ಲಿ ಮೂರು ಸುತ್ತು ಅಚ್ಚು ಮಾಡಿದರೆ ಅದರ ತಮಾಷೆ ಸತ್ತ ಹಾಗೆ. 'ಡುಬುಕ್' ಕಣ್ಣಿಗೆ ಮೊದಲೇ ಬಿದ್ದಿರುತ್ತದೆ. ನಾನು ಹಂಚಿದ್ದು ಹೀಗೆ: 2 ಮತ್ತು 3ನೇ ಪುಟದಲ್ಲಿ ಹುಲ್ಲು, 4 ಮತ್ತು 5ರಲ್ಲಿ ಕಲ್ಲು, 6 ಮತ್ತು 7ರಲ್ಲಿ 'ಜಿಗಿ ಜಿಗಿ' ಎನ್ನುವವರೆಗೆ ಮಾತ್ರ. ತಿರುವಿದರೆ 8 ಮತ್ತು 9ರ ತುಂಬ ನೀರು, ಒಂದೇ ಪದ, 'ಡುಬುಕ್!'

ಒಗಟಿಗೆ ಇನ್ನೂ ಖಚಿತವಾದ ನಿಯಮವಿದೆ. ಪ್ರಶ್ನೆ ಬಲಗಡೆಯ ಪುಟದಲ್ಲೇ, ಅಂದರೆ ಬೆಸ ಸಂಖ್ಯೆಯ ಪುಟದಲ್ಲೇ ಇರಬೇಕು. ಆಗಲೇ ಉತ್ತರ ಅದರ ಬೆನ್ನಿಗೆ ಹೋಗುತ್ತದೆ. ಚಿತ್ರ ಬರೆಯುವವರಿಗೆ ಪಠ್ಯ ಕೊಡುವ ಮೊದಲೇ ಆರು ಹಾಳೆ ಮಡಚಿ, ಒಂದರೊಳಗೊಂದು ಸೇರಿಸಿ ಪುಟ್ಟ ಮಾದರಿ ಮಾಡಿ, ಪುಟ ಸಂಖ್ಯೆ ಬರೆದು ನೋಡಿ. ಮಡಚಿದ ಒಂದು ಹಾಳೆಗೆ ನಾಲ್ಕು ಪುಟ, 24ಕ್ಕೆ ಆರು ಹಾಳೆ ಬೇಕು. ಎಡಪುಟದಲ್ಲಿ ಪ್ರಶ್ನೆ, ಎದುರಲ್ಲೇ ಉತ್ತರ ಬಂದುಬಿಟ್ಟಿದ್ದು ಅಚ್ಚಾದ ಮೇಲೆ ಕಂಡರೆ ಏನೂ ಮಾಡಲಾಗದು.

ಸಾಲು ಮುರಿಯುವಾಗ ತಾಳ ನೋಡಿ ಮುರಿಯಿರಿ. ಜಾಗ ಸಾಲದೆ 'ಜಿಗಿ ಜಿಗಿ ಜಿಗಿ' ಒಂದು ಸಾಲು, 'ಜಿಗಿ ಹುಲ್ಲಿಗೆ' ಇನ್ನೊಂದು ಸಾಲು ಆದರೆ ಓದುವವರು ಅಲ್ಲೇ ನಿಲ್ಲುತ್ತಾರೆ. ಎರಡು ಎರಡು ಜಿಗಿ ಒಟ್ಟಿಗಿರಲಿ. ಸಾಲುಗಳ ನಡುವೆ ಅಂತರ ಧಾರಾಳವಾಗಿರಲಿ. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ, ಗುಣಿತದ ಗುರುತುಗಳು ಮೇಲೆ ಏರುತ್ತವೆ. ಇಕ್ಕಟ್ಟಾದರೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ದೂರದಿಂದ ಓದುವವರಿಗೆ ತೊಡಕು. 'ಕಪ್ಪೇ' ಎಂದು ಎಳೆಯಬೇಕಾದ ಕಡೆ ದೀರ್ಘವನ್ನು ಬರೆದೇ ತೋರಿಸಿ, ಓದುವವರು ಊಹಿಸಲಿ ಎಂದು ಬಿಡಬೇಡಿ.

ಬೇರೆಯವರ ಬಾಯಲ್ಲಿ ಪರೀಕ್ಷೆ

ಇದನ್ನು ನೀವೇ ಓದಿ ಪರೀಕ್ಷಿಸುವಂತಿಲ್ಲ. ತಾಳ ನಿಮಗೆ ಮೊದಲೇ ಗೊತ್ತು. ಪದ್ಯವನ್ನು ಒಮ್ಮೆಯೂ ಕೇಳದವರ ಕೈಗೆ ಹಾಳೆ ಕೊಡಿ. ಹೇಗೆ ಓದಬೇಕೆಂದು ಹೇಳಬೇಡಿ. ಅವರು ಮೊದಲ ಸಲ ಓದುವಾಗ ನಿಮ್ಮ ಪ್ರತಿಯಲ್ಲಿ ತಡವರಿಸಿದ ಜಾಗಕ್ಕೆ ಚುಕ್ಕಿ ಇಡಿ. ಮೂವರಿಂದ ಓದಿಸಿ. ಒಬ್ಬರು ಮಾತ್ರ ಎಡವಿದ ಜಾಗ ಬಿಡಿ, ಇಬ್ಬರು ಎಡವಿದ ಜಾಗ ತಿದ್ದಿ. 'ಪುಟಾಣಿ ಕಪ್ಪೇ' ಸಾಲಿಗೆ ನನಗೆ ಮೂರು ಚುಕ್ಕಿ ಬಿದ್ದಿದ್ದವು.

ಆಮೇಲೆ ಮಗು. ಮಗುವನ್ನು 'ಚೆನ್ನಾಗಿದೆಯಾ?' ಎಂದು ಕೇಳಿ ಪ್ರಯೋಜನವಿಲ್ಲ. ಒಂದೇ ದಿನ ಹತ್ತು ಸಲ ಓದುವುದರ ಬದಲು ನಾಲ್ಕೈದು ದಿನ ದಿನಕ್ಕೆ ಒಂದೆರಡು ಸಲ ಓದಿ. ಮೂರನೇ ನಾಲ್ಕನೇ ದಿನ ಕೊನೆಯ ಪದದ ಮೊದಲು ಬಾಯಿ ಮುಚ್ಚಿ ಕಾಯಿರಿ. 'ಜಿಗಿ ಜಿಗಿ ಜಿಗಿ ಜಿಗಿ...' ಎಂದು ನಿಲ್ಲಿಸಿ ಮನಸ್ಸಲ್ಲಿ ಐದರವರೆಗೆ ಎಣಿಸಿ. ಪದ ಬಂದರೆ, ಅರ್ಧ ಪದವಾದರೂ ಬಂದರೆ, ಬರೀ ಕೈ ಎತ್ತಿದರೂ ಸಾಲು ಹಿಡಿದಿದೆ. ಏನೂ ಬರದೆ ನಿಮ್ಮ ಮುಖವನ್ನೇ ನೋಡುತ್ತಿದ್ದರೆ ಎರಡನ್ನು ನೋಡಿ: ಆ ಪದದ ಪ್ರಾಸ ಬರೀ ಪ್ರತ್ಯಯದ್ದೇ? ಅದರ ಹಿಂದಿನ ಸಾಲು ಪ್ರತಿ ಸುತ್ತಿನಲ್ಲೂ ಒಂದೇ ಥರ ಇದೆಯೇ? ನನಗೆ ಸಾಮಾನ್ಯವಾಗಿ ಕಾರಣ ಎರಡನೆಯದರಲ್ಲೇ ಸಿಕ್ಕಿದೆ.

ಮಗು ಯಾವ ಪುಟದಲ್ಲಿ ಎದ್ದು ಹೋಗುತ್ತದೆ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಬೇರೆ ಬೇರೆ ಮಕ್ಕಳು ಒಂದೇ ಪುಟದಲ್ಲಿ ಎದ್ದರೆ ಆ ಪುಟದಲ್ಲಿ ಪದ ಜಾಸ್ತಿ ಆಗಿರುತ್ತದೆ. ಒಂದು ಸಾಲು ತೆಗೆದು ಮತ್ತೆ ಓದಿ. ಕೊನೆಗೆ ಪಕ್ಕದ ಮನೆಯ ಹುಡುಗಿ ನನ್ನ ಮಾದರಿ ಪುಸ್ತಕವನ್ನು 6ನೇ ಪುಟದಿಂದ ಶುರು ಮಾಡಿಸುತ್ತಿದ್ದಳು. ಹುಲ್ಲು, ಕಲ್ಲು ಆಗಲೇ ಬಾಯಿಗೆ ಬಂದಿತ್ತು, ಬೇಕಾಗಿದ್ದದ್ದು ಡುಬುಕ್ ಮಾತ್ರ.